ಹತ್ತನೆಯ ತರಗತಿಯ ನಂತರ: ಕೊಪ್ಪಳದ ಮನೆಗಳಿಗೆ ಮೂರು ಕೂಟಗಳ ಒಂದು ಮಾತುಕತೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಕೆಲವೇ ದಿನಗಳಲ್ಲಿ ನಮ್ಮ ಕರಾವಳಿಯ ಬಸ್ ನಿಲ್ದಾಣಗಳಲ್ಲಿ ಒಂದು ದೃಶ್ಯ ಕಾಣಸಿಗುತ್ತದೆ. ಗಂಗಾವತಿ, ಕುಷ್ಟಗಿ, ಕೊಪ್ಪಳದ ಕಡೆಯಿಂದ ರಾತ್ರಿಯಿಡೀ ಪ್ರಯಾಣಿಸಿ ಬಂದ ತಂದೆಯ ಕೈಯಲ್ಲಿ ಒಂದು ಕಬ್ಬಿಣದ ಟ್ರಂಕು, ಮಗನ ಅಥವಾ ಮಗಳ ಕೈಯಲ್ಲಿ ಅಂಕಪಟ್ಟಿಯ ಫೈಲು. ಹಾಸ್ಟೆಲ್ ಇರುವ ಯಾವುದಾದರೊಂದು ಪದವಿಪೂರ್ವ ಕಾಲೇಜಿನಲ್ಲಿ ವಿಜ್ಞಾನ ವಿಭಾಗಕ್ಕೆ ಸೀಟು ಹುಡುಕಲು ಅವರು ಬಂದಿರುತ್ತಾರೆ. ಇದಲ್ಲದೆ, ಕಟ್ಟಡ ಕೆಲಸಕ್ಕೆಂದು ಆ ತಾಲೂಕುಗಳಿಂದ ಬಂದು ಇಲ್ಲೇ ನೆಲೆಸಿದ ಕುಟುಂಬಗಳ ಮಕ್ಕಳು ನಮ್ಮ ಊರಿನ ಕನ್ನಡ ಮಾಧ್ಯಮ ಶಾಲೆಗಳಲ್ಲೇ ಹತ್ತನೆಯ ತರಗತಿ ಮುಗಿಸುತ್ತಿದ್ದಾರೆ. ಆದುದರಿಂದ ಕೊಪ್ಪಳ ಜಿಲ್ಲೆಯ ಒಂದು ಮನೆಯಲ್ಲಿ 'ಮುಂದೇನು?' ಎಂಬ ಪ್ರಶ್ನೆಗೆ ಹೇಗೆ ಉತ್ತರ ಸಿಗುತ್ತದೆ ಎಂಬುದು ನಮ್ಮ ಶಿಕ್ಷಕರಿಗೂ ಹಾಸ್ಟೆಲ್ ಮೇಲ್ವಿಚಾರಕರಿಗೂ ಸಂಬಂಧಪಟ್ಟ ವಿಷಯ.

ಆ ಉತ್ತರ ಸಾಮಾನ್ಯವಾಗಿ ಹೇಗೆ ಸಿಗುತ್ತದೆ? ಫಲಿತಾಂಶ ಬಂದ ಸಂಜೆಯೇ ಮನೆಗೆ ನೆಂಟರು ಬರುತ್ತಾರೆ. ಯಾರೋ ಒಬ್ಬರು 'ಎಷ್ಟು ಪರ್ಸೆಂಟ್?' ಎಂದು ಕೇಳುತ್ತಾರೆ. ಎಪ್ಪತ್ತೈದಕ್ಕಿಂತ ಹೆಚ್ಚಾದರೆ ಸೈನ್ಸ್, ಅರವತ್ತಾದರೆ ಕಾಮರ್ಸ್, ಅದಕ್ಕಿಂತ ಕಡಿಮೆಯಾದರೆ ಆರ್ಟ್ಸ್ ಎಂದು ತೀರ್ಪಾಗುತ್ತದೆ. ಹುಡುಗಿಯಾದರೆ 'ಇನ್ನೆಷ್ಟು ಓದಿಸ್ತೀರಿ?' ಎಂಬ ಇನ್ನೊಂದು ಮಾತೂ ಸೇರಿಕೊಳ್ಳುತ್ತದೆ. ಎಲ್ಲರೂ ಮಾತಾಡಿದ ಮೇಲೆ ಕೊನೆಯಲ್ಲಿ ಮಗುವನ್ನು 'ನಿನಗೇನನ್ನಿಸ್ತದ?' ಎಂದು ಕೇಳುತ್ತಾರೆ. ಅಷ್ಟರಲ್ಲಿ ಹೇಳಲು ಏನೂ ಉಳಿದಿರುವುದಿಲ್ಲ. 'ನೀವು ಹೇಳಿದಂಗ ಮಾಡ್ತೀನಿ' ಎನ್ನುತ್ತದೆ ಮಗು. ಮನೆಯವರು ಅದನ್ನು ಒಪ್ಪಿಗೆ ಎಂದು ತಿಳಿಯುತ್ತಾರೆ.

ಇಲ್ಲಿ ಯಾರಲ್ಲೂ ಕೆಟ್ಟ ಉದ್ದೇಶವಿಲ್ಲ. ತಪ್ಪಿರುವುದು ಪ್ರಶ್ನೆಗಳ ಕ್ರಮದಲ್ಲಿ. ಕೊನೆಯಲ್ಲಿ ಬರಬೇಕಾದ ತೀರ್ಮಾನ ಮೊದಲು ಬಂದಿದೆ, ಮೊದಲು ಬರಬೇಕಾದ ಮಗುವಿನ ಮಾತು ಕೊನೆಗೆ ಬಂದಿದೆ, ನಡುವೆ ಇರಬೇಕಾದ ಲೆಕ್ಕ ಬಂದೇ ಇಲ್ಲ. ಈ ಕ್ರಮವನ್ನು ಸರಿಪಡಿಸುವ ಒಂದು ಮಾತುಕತೆಯ ಪಾಠವನ್ನು ಇಲ್ಲಿ ಬರೆದಿದ್ದೇವೆ. ನಾಟಕದ ಮಾತುಗಳಂತೆ ಅದನ್ನು ಓದಿಕೊಂಡು ಮನೆಯಲ್ಲಿ ಬಳಸಬಹುದು. ಮೂರು ಕೂಟಗಳು ಸಾಕು, ಒಂದೊಂದೂ ಅರ್ಧ ಗಂಟೆ ಮೀರಬಾರದು, ನಡುವೆ ಕೆಲವು ದಿನಗಳ ಅಂತರವಿರಲಿ.

ಒಂದು ಮನೆಯ ಉದಾಹರಣೆ

ಮಾತು ಸ್ಪಷ್ಟವಾಗಲು ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಕುಷ್ಟಗಿ ತಾಲೂಕಿನ ಒಂದು ಹಳ್ಳಿ. ತಂದೆಗೆ ಕೆಲವು ಎಕರೆ ಒಣಬೇಸಾಯದ ಹೊಲ, ಮಳೆ ಕೈಕೊಟ್ಟ ವರ್ಷ ಕೂಲಿ. ಮಗಳು ಒಂದರಿಂದ ಹತ್ತರವರೆಗೆ ಊರಿನಲ್ಲೇ ಕನ್ನಡ ಮಾಧ್ಯಮದಲ್ಲಿ ಓದಿ, 2025ರಲ್ಲಿ 625ಕ್ಕೆ 487 ಅಂಕ ಪಡೆದಿದ್ದಾಳೆ, ಎಂದರೆ ಸುಮಾರು ಶೇ. 78. ತಂದೆಗೆ ಅವಳನ್ನು ಕರಾವಳಿಯ ಕಾಲೇಜಿಗೆ ಸೇರಿಸಿ ಡಾಕ್ಟರ್ ಮಾಡುವ ಆಸೆ, ಅದಕ್ಕಾಗಿ ಸಾಲಕ್ಕೂ ಸಿದ್ಧ. ಕಾಕಾನಿಗೆ ಎರಡು ವರ್ಷದಲ್ಲಿ ಅವಳ ಮದುವೆಯ ಯೋಚನೆ. ತಾಯಿ ಏನೂ ಹೇಳಿಲ್ಲ. ಮಗಳನ್ನು ಯಾರೂ ಕೇಳಿಲ್ಲ.

ಮೊದಲ ಕೂಟ: ಕೇಳುವುದಷ್ಟೇ

ಈ ಕೂಟದಲ್ಲಿ ತಂದೆ, ತಾಯಿ ಮತ್ತು ಮಗಳು ಮಾತ್ರ ಇರಬೇಕು. ಕಾಕಾ, ಮಾವ, ಪಕ್ಕದ ಮನೆಯ ಲೆಕ್ಚರರ್ ಯಾರೂ ಬೇಡ. ಅವರ ಸರದಿ ಆಮೇಲೆ ಬರುತ್ತದೆ. ಸೈನ್ಸ್, ಕಾಮರ್ಸ್, ಆರ್ಟ್ಸ್ ಎಂಬ ಪದಗಳನ್ನು ಅಂದು ದೊಡ್ಡವರು ಬಾಯಿಗೆ ತರಬಾರದು. ತಂದೆ ಹೀಗೆ ಆರಂಭಿಸಲಿ:

'ಬಾ ಮಗಳ, ಕೂಡು. ಇವತ್ತ ನಾವು ಏನೂ ಠರಾವ ಮಾಡೂದಿಲ್ಲ. ನಿನ್ನ ಮಾತ ಕೇಳಾಕ ಕುಂತೀವಿ.'

ಬಳಿಕ ತಾಯಿ ಕೇಳಲಿ. ತಾಯಿಯೇ ಕೇಳಬೇಕೆಂಬುದಕ್ಕೆ ಕಾರಣವಿದೆ: ತಂದೆಯ ಇಷ್ಟ ಮಗಳಿಗೆ ಈಗಾಗಲೇ ಗೊತ್ತು, ತಾಯಿಯದು ಗೊತ್ತಿಲ್ಲ. ಆದ್ದರಿಂದ ತಾಯಿಯ ಪ್ರಶ್ನೆಗೆ ಊಹೆಯ ಉತ್ತರ ಕೊಡಲು ಬರುವುದಿಲ್ಲ.

'ಸಾಲ್ಯಾಗ ಯಾವ ಪಾಠ ಇದ್ದಾಗ ಹೊತ್ತು ಹೋಗಿದ್ದು ಗೊತ್ತಾಗತಿದ್ದಿಲ್ಲ?'

'ಯಾವುದು ಬಾಯಿಪಾಠ ಮಾಡಿ ದಾಟಿಸಿದಿ, ಯಾವುದು ತಿಳಕೊಂಡು ಬರದಿ?'

'ನಮ್ಮ ಸಲುವಾಗಿ ಏನಾದರ ಹೆದರಿಕಿ ಐತೇನ? ರೊಕ್ಕದ್ದು, ದೂರ ಹೋಗೂದು, ಮದವಿದು?'

ಈ ಮೂರನೆಯ ಪ್ರಶ್ನೆ ಅತಿ ಮುಖ್ಯ. ಎಷ್ಟೋ ಮಕ್ಕಳು ತಮಗೆ ಬೇಕಾದುದನ್ನು ಹೇಳದಿರುವುದು ಮನೆಯ ಸಾಲವನ್ನು ನೋಡಿ. ಕೆಲವು ಹುಡುಗಿಯರು ಇಷ್ಟವಿಲ್ಲದ ವಿಜ್ಞಾನವನ್ನು ಕೇಳುವುದೂ ಉಂಟು. ದೂರದ ಹಾಸ್ಟೆಲಿಗೆ ಹೋದರೆ ಮದುವೆಯ ಮಾತು ಎರಡು ವರ್ಷ ಮುಂದೆ ಹೋಗುತ್ತದೆ ಎಂಬುದೇ ಅವರ ಲೆಕ್ಕ. ಆ ಭಯವನ್ನು ಬೇರೆಯಾಗಿ ತೆಗೆದಿಡದೆ ಓದಿನ ಆಯ್ಕೆಯನ್ನು ಚರ್ಚಿಸಿದರೆ ಉತ್ತರ ತಪ್ಪಾಗಿಯೇ ಬರುತ್ತದೆ. ನಮ್ಮ ಉದಾಹರಣೆಯ ಮನೆಯಲ್ಲಿ ಮಾತು ಹೀಗೆ ಸಾಗಬಹುದು:

ಮಗಳು: 'ಅವ್ವ, ನನಗ ನರ್ಸ್ ಆಗಬೇಕಂತ ಐತಿ. ತಮ್ಮ ಹುಟ್ಟಿದಾಗ ದವಾಖಾನ್ಯಾಗ ಆ ಸಿಸ್ಟರ್‌ನ ನೋಡೀನಿ.'

ತಂದೆ: 'ಮತ್ತ ಡಾಕ್ಟರ್ ಆಗ್ತೀನಿ ಅಂತಿದ್ದೆಲ್ಲ?'

ಮಗಳು: 'ಅದು ನೀ ಅಂದದ್ದಪ್ಪಾ. ನಾ ಹೂಂ ಅಂದಿದ್ದೆ ಅಷ್ಟ.'

ಇಲ್ಲಿ ತಂದೆ ವಾದಿಸಬಾರದು. ಅವರ ಪಾಲಿಗೆ ಬರೆದಿರುವ ಮಾತು ಇಷ್ಟೇ: 'ಹೇಳಿದ್ದು ಚಲೋ ಆತು. ಇದರ ಲೆಕ್ಕ ಮಾಡಿ ನೋಡೂಣು.' ಮೊದಲ ಕೂಟ ಅಲ್ಲಿಗೆ ಮುಗಿಯಲಿ. 'ನಿನ್ನ ಅಕ್ಕ ನೋಡು', 'ಅವರ ಮಗ ನೋಡು', 'ನಿನ್ನ ಸಲುವಾಗಿ ನಾವು ಎಷ್ಟ ಕಷ್ಟ ಪಟ್ಟೀವಿ' ಎಂಬ ಮೂರು ಮಾತುಗಳನ್ನು ಯಾವ ಕೂಟದಲ್ಲೂ ಆಡಬಾರದು. ಅವು ಮಾಹಿತಿಯನ್ನು ಕೊಡುವುದಿಲ್ಲ, ಮಗುವಿನ ಬಾಯಿಯನ್ನು ಮುಚ್ಚಿಸುತ್ತವೆ.

ಮಗು ಉತ್ತೀರ್ಣವಾಗದ ಮನೆಯಲ್ಲಿ ಈ ಕೂಟ ಇನ್ನೂ ಅಗತ್ಯ. 2024ರಿಂದ ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶ ಬಂದಿದೆ. ಮೊದಲನೆಯದರಲ್ಲಿ ಸೋತ ವಿಷಯವನ್ನು ಅದೇ ವರ್ಷದ ಮುಂದಿನ ಪರೀಕ್ಷೆಯಲ್ಲಿ ಬರೆಯಬಹುದು. ಹಾಗಿರುವಾಗ ಫಲಿತಾಂಶದ ಸಿಟ್ಟಿನಲ್ಲಿ ಮಗನನ್ನು ಕೆಲಸಕ್ಕೆ ಕಳಿಸುವ, ಮಗಳಿಗೆ ಗಂಡು ನೋಡುವ ಅವಸರಕ್ಕೆ ಕಾರಣವಿಲ್ಲ.

ಎರಡನೆಯ ಕೂಟ: ಅಂಕಪಟ್ಟಿಯನ್ನು ಬಿಡಿಸಿ ಓದುವುದು

ಈ ಕೂಟಕ್ಕೆ ಮಗುವಿಗೆ ಪಾಠ ಮಾಡಿದ ಗಣಿತದ ಅಥವಾ ವಿಜ್ಞಾನದ ಶಿಕ್ಷಕರೊಬ್ಬರನ್ನು ಕರೆಯುವುದು ಒಳ್ಳೆಯದು. ಅವರಿಗೆ ಕೇಳಬೇಕಾದ ಪ್ರಶ್ನೆ 'ಯಾವುದಕ್ಕೆ ಸೇರಿಸಲಿ?' ಎಂದಲ್ಲ. 'ಇವಳು ಲೆಕ್ಕವನ್ನು ತಾನೇ ಬಿಡಿಸುತ್ತಿದ್ದಳೋ, ಬಿಡಿಸಿದ್ದನ್ನು ನೋಡಿ ಬರೆಯುತ್ತಿದ್ದಳೋ?' ಎಂದು ಕೇಳಬೇಕು. ಶಿಕ್ಷಕರಿಗೆ ಇದರ ಉತ್ತರ ಖಚಿತವಾಗಿ ಗೊತ್ತಿರುತ್ತದೆ.

ಈಗ ಅಂಕಪಟ್ಟಿ. 625 ಅಂಕಗಳಲ್ಲಿ ಪ್ರಥಮ ಭಾಷೆಗೆ 125, ಉಳಿದೆರಡು ಭಾಷೆಗಳಿಗೆ ನೂರು ನೂರು. ಒಟ್ಟು 325 ಅಂಕ ಭಾಷೆಗಳದ್ದೇ, ಎಂದರೆ ಅರ್ಧಕ್ಕಿಂತಲೂ ಹೆಚ್ಚು. ಗಣಿತ ಮತ್ತು ವಿಜ್ಞಾನ ಎರಡೂ ಸೇರಿ 200. ಆದುದರಿಂದ ಯಾವ ಶೇಕಡಾವಾರನ್ನು ನೋಡಿ ನೆಂಟರು 'ಸೈನ್ಸ್' ಎನ್ನುತ್ತಾರೋ ಆ ಸಂಖ್ಯೆ ವಿಜ್ಞಾನದ ಬಗ್ಗೆ ಹೇಳುವುದು ಸ್ವಲ್ಪ ಮಾತ್ರ.

ನಮ್ಮ ಹುಡುಗಿಯ 487 ಅಂಕ ಹೀಗೆ ಹಂಚಿಹೋಗಿದೆ ಎಂದಿಟ್ಟುಕೊಳ್ಳೋಣ: ಮೂರು ಭಾಷೆಗಳಲ್ಲಿ 116, 84, 91; ಸಮಾಜ ವಿಜ್ಞಾನದಲ್ಲಿ 76; ವಿಜ್ಞಾನದಲ್ಲಿ 62; ಗಣಿತದಲ್ಲಿ 58. ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. ಪ್ರತಿ ವಿಷಯದ 100ರಲ್ಲಿ 80 ಲಿಖಿತ ಪರೀಕ್ಷೆಯದು, 20 ಶಾಲೆ ಕೊಡುವ ಆಂತರಿಕ ಅಂಕ. ಆಂತರಿಕ ಅಂಕವನ್ನು ಶಾಲೆಗಳು ಧಾರಾಳವಾಗಿ ಕೊಡುವುದು ರೂಢಿ. ಅವಳ ವಿಜ್ಞಾನದ 62ರಲ್ಲಿ 19 ಆಂತರಿಕವಾದರೆ ಲಿಖಿತ ಪರೀಕ್ಷೆಯಲ್ಲಿ ಅವಳು ಗಳಿಸಿದ್ದು 80ಕ್ಕೆ 43. ಗಣಿತದ 58ರಲ್ಲಿ 18 ಆಂತರಿಕವಾದರೆ ಗಳಿಸಿದ್ದು 80ಕ್ಕೆ 40, ಸರಿಯಾಗಿ ಅರ್ಧ. ಶೇ. 78ರ ಹುಡುಗಿ ಗಣಿತದಲ್ಲಿ ಶೇ. 50ರ ಹುಡುಗಿ. ಇದರಿಂದ ಅವಳು ವಿಜ್ಞಾನ ಓದಲಾರಳು ಎಂದು ಅರ್ಥವಲ್ಲ. ಆದರೆ 'ಇಷ್ಟು ಅಂಕ ಬಂದಿರುವಾಗ ಸೈನ್ಸ್ ಬಿಟ್ಟರೆ ನಷ್ಟ' ಎಂಬ ವಾದಕ್ಕೆ ಆಧಾರವಿಲ್ಲ ಎಂದು ಮಾತ್ರ ಅರ್ಥ.

ಯಾವ ಬಾಗಿಲು ಮುಚ್ಚುತ್ತದೆ?

'ಸೈನ್ಸ್ ತಗೊಂಡರ ಆಮ್ಯಾಲ ಯಾವುದಕ್ಕ ಬೇಕಾದರೂ ಹೋಗಬಹುದು' ಎಂಬ ಮಾತನ್ನು ಎಲ್ಲ ಊರುಗಳಲ್ಲೂ ಕೇಳುತ್ತೇವೆ. ಅದು ಸುಳ್ಳಲ್ಲ. ವಿಜ್ಞಾನದಲ್ಲಿ ಪಿಯುಸಿ ಮುಗಿಸಿದವರು ಬಿ.ಎ., ಬಿ.ಕಾಂ.ಗೆ ಹೋಗಬಲ್ಲರು. ಕಲಾ ವಿಭಾಗದವರು ಎಂಜಿನಿಯರಿಂಗ್‌ಗೆ ಹೋಗಲಾರರು. ಅದಕ್ಕೆ ಭೌತಶಾಸ್ತ್ರ ಮತ್ತು ಗಣಿತ ಬೇಕೇ ಬೇಕು. ಆದರೆ ಈ ಮಾತಿನೊಳಗೆ ಹೇಳದೆ ಉಳಿದ ಒಂದು ಷರತ್ತಿದೆ: ಪಾಸಾದರೆ. ಕನ್ನಡ ಮಾಧ್ಯಮದಿಂದ ಬಂದ ಮಗು ಪ್ರಥಮ ಪಿಯುಸಿಯಲ್ಲಿ ಒಮ್ಮೆಗೇ ಇಂಗ್ಲಿಷ್ ಪುಸ್ತಕಗಳನ್ನು ಎದುರಿಸುತ್ತದೆ. 'ವೇಗೋತ್ಕರ್ಷ' ಎಂದು ಕಲಿತದ್ದು ಈಗ ಅಕ್ಸೆಲರೇಶನ್ ಆಗುತ್ತದೆ. ತಿಳಿಯದೆ ಹೋಗುವುದು ವಿಷಯವೋ ಭಾಷೆಯೋ ಎಂಬುದು ಮಗುವಿಗೂ ಗೊತ್ತಾಗುವುದಿಲ್ಲ. ಹೀಗೆ ಎಡವಿದವರಿಗೆ ತೆರೆದಿರುವ ಬಾಗಿಲುಗಳು ಎಷ್ಟಿದ್ದರೇನು, ಹೊಸ್ತಿಲನ್ನೇ ದಾಟಲಾಗುವುದಿಲ್ಲ.

ಆದುದರಿಂದ ವಿಭಾಗವನ್ನಲ್ಲ, ಮಗು ಹೇಳಿದ ಗುರಿಯನ್ನು ಮುಂದಿಟ್ಟು ಅಲ್ಲಿಗೆ ಹೋಗುವ ದಾರಿಗಳನ್ನು ವರ್ಷಗಳಲ್ಲಿ ಎಣಿಸಬೇಕು. ನಮ್ಮ ಹುಡುಗಿಯ ಗುರಿ ನರ್ಸಿಂಗ್. ಅದಕ್ಕೆ ಎರಡು ದಾರಿಗಳಿವೆ.

ಮೊದಲನೆಯದು ನೇರ ದಾರಿ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಇರುವ ಪಿಯುಸಿ ಎರಡು ವರ್ಷ, ಅನಂತರ ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷ. ಒಟ್ಟು ಆರು.

ಎರಡನೆಯದು ಸುತ್ತು ದಾರಿ. ಯಾವ ವಿಭಾಗದಲ್ಲಾದರೂ ಪಿಯುಸಿ ಎರಡು ವರ್ಷ, ಅನಂತರ ಜಿ.ಎನ್.ಎಂ. ಎಂಬ ನರ್ಸಿಂಗ್ ಡಿಪ್ಲೊಮಾ ಮೂರು ವರ್ಷ. ಜಿ.ಎನ್.ಎಂ.ಗೆ ಕಲಾ ವಿಭಾಗದವರೂ ಸೇರಬಹುದು. ಇಂಗ್ಲಿಷ್‌ನಲ್ಲಿ ಪಾಸಾಗಿರಬೇಕು, ಒಟ್ಟು ಶೇ. 40 ಅಂಕ ಇರಬೇಕು. ಐದು ವರ್ಷದಲ್ಲಿ ಕೆಲಸಕ್ಕೆ ಸೇರಬಹುದು. ಮುಂದೆ ಬೇಕಾದರೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಿ ಅದೇ ಪದವಿಯ ಮಟ್ಟಕ್ಕೆ ಬರಬಹುದು. ಆಗ ಒಟ್ಟು ಏಳು.

ಎಂದರೆ ಯಾವ ವ್ಯತ್ಯಾಸಕ್ಕಾಗಿ ಮನೆಯಲ್ಲಿ ಜಗಳವಾಗುತ್ತಿತ್ತೋ ಅದು ಒಂದೇ ವರ್ಷದ ವ್ಯತ್ಯಾಸ. ವಿಜ್ಞಾನದಲ್ಲಿ ಒಮ್ಮೆ ಎಡವಿ ಪ್ರವೇಶದ ಕಾಲ ತಪ್ಪಿದರೆ ಆ ಒಂದು ವರ್ಷವೂ ಸರಿಹೋಗುತ್ತದೆ. ಇಷ್ಟು ಕಾಗದದ ಮೇಲೆ ಬಂದಾಗ ಧ್ವನಿಗಳು ತಾವಾಗಿಯೇ ತಗ್ಗುತ್ತವೆ. ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಬೇಕು: ಯಾವ ನರ್ಸಿಂಗ್ ಸಂಸ್ಥೆಗೆ ಸೇರುವುದಿದ್ದರೂ ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತಿನ ಮತ್ತು ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ಮೊದಲು ನೋಡಬೇಕು, ಹಣ ಕಟ್ಟುವುದು ಆಮೇಲೆ.

ಗುರಿ ಬೇರೆಯಾದರೆ ಲೆಕ್ಕವೂ ಬೇರೆ, ಆದರೆ ಕ್ರಮ ಇದೇ. ಗಂಗಾವತಿಯ ಅಕ್ಕಿ ಗಿರಣಿಯ ಮೋಟಾರು ಬಿಚ್ಚಿ ಜೋಡಿಸುವುದರಲ್ಲಿ ಮನಸ್ಸಿರುವ ಹುಡುಗನನ್ನು ಎಂಜಿನಿಯರ್ ಮಾಡಬೇಕೆಂದು ತಂದೆ ಹಟ ಹಿಡಿದಿದ್ದರೆ, ಪಿಯುಸಿ ಎರಡು ವರ್ಷ ಮತ್ತು ಬಿ.ಇ. ನಾಲ್ಕು ವರ್ಷ ಸೇರಿ ಆರು. ಹತ್ತನೆಯ ತರಗತಿಯ ನಂತರ ಪಾಲಿಟೆಕ್ನಿಕ್ ಡಿಪ್ಲೊಮಾ ಮೂರು ವರ್ಷ ಮಾಡಿ, ಡಿಸಿಇಟಿ ಬರೆದು ಬಿ.ಇ. ಎರಡನೆಯ ವರ್ಷಕ್ಕೆ ನೇರವಾಗಿ ಸೇರಿದರೆ ಅದೂ ಆರು. ಎರಡನೆಯ ದಾರಿಯಲ್ಲಿ ಮೂರು ವರ್ಷದ ಕೊನೆಗೆ ಕೈಯಲ್ಲೊಂದು ಅರ್ಹತೆ ಇರುತ್ತದೆ, ಮನೆಯಲ್ಲಿ ತೊಂದರೆಯಾದರೆ ಅಲ್ಲಿಗೇ ನಿಂತು ಕೆಲಸಕ್ಕೆ ಹೋಗಬಹುದು. ಪಿಯುಸಿ ಮುಗಿಸಿ ನಿಂತವನಿಗೆ ಆ ಅನುಕೂಲವಿಲ್ಲ. ಐಟಿಐ ಎರಡು ವರ್ಷ ಮಾಡಿದವನಿಗೂ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ಸೇರುವ ದಾರಿ ಇದೆ. ಕಡಿಮೆ ಅಂಕದವರಿಗೆ ಐಟಿಐ ಎಂಬ ತಿರಸ್ಕಾರದ ಮಾತಿನಿಂದ ಈ ದಾರಿಗಳು ಚರ್ಚೆಗೇ ಬರುವುದಿಲ್ಲ.

ಕರಾವಳಿಗೆ ಕಳಿಸಲೇಬೇಕೆ?

ಟ್ರಂಕು ಹಿಡಿದು ಬರುವ ತಂದೆಯಂದಿರಲ್ಲಿ ಒಂದು ನಂಬಿಕೆ ಇದೆ: ಊರಿನಲ್ಲೇ ಓದಿದರೆ ವೃತ್ತಿ ಶಿಕ್ಷಣದ ಸೀಟು ಸಿಗದು. ಈ ವಿಷಯದಲ್ಲಿ ಮೂರು ಸಂಗತಿಗಳು ತಿಳಿದಿರಬೇಕು. ಕೊಪ್ಪಳವೂ ಸೇರಿದಂತೆ ಅಂದಿನ ಹೈದರಾಬಾದ್ ಕರ್ನಾಟಕಕ್ಕೆ, 2019ರಿಂದ ಕಲ್ಯಾಣ ಕರ್ನಾಟಕ ಎಂದು ಕರೆಯುವ ಭಾಗಕ್ಕೆ, ಸಂವಿಧಾನದ 371 ಜೆ ವಿಧಿಯಡಿ ವಿಶೇಷ ಮೀಸಲಾತಿ ಇದೆ. 2012ರ ತಿದ್ದುಪಡಿಯಿಂದ ಬಂದ ಇದರ ಪ್ರಕಾರ ಆ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70, ರಾಜ್ಯದ ಇತರ ಕಡೆಗಳಲ್ಲಿ ಶೇ. 8 ಸೀಟುಗಳು ಆ ಭಾಗದವರಿಗೆ ಮೀಸಲು. ಇದು ಸ್ಥಳೀಯತೆಗೆ ಸಿಗುವುದು, ಪಿಯುಸಿ ಓದಿದ ಊರಿಗಲ್ಲ. ಇನ್ನು ಸಿಇಟಿಯಲ್ಲಿ ಗ್ರಾಮೀಣ ಮೀಸಲಾತಿ ಮತ್ತು ಕನ್ನಡ ಮಾಧ್ಯಮದ ಮೀಸಲಾತಿ ಇವೆ. ಎರಡಕ್ಕೂ ಬೇಕಾದುದು ಒಂದರಿಂದ ಹತ್ತರವರೆಗಿನ ಓದು.

ನಮ್ಮ ಹುಡುಗಿ ಈ ಮೂರನ್ನೂ ಹತ್ತನೆಯ ತರಗತಿ ಮುಗಿಸುವ ಹೊತ್ತಿಗೇ ಗಳಿಸಿಕೊಂಡಿದ್ದಾಳೆ. ಕುಷ್ಟಗಿಯಲ್ಲಿ ಓದಿದರೂ ಉಡುಪಿಯಲ್ಲಿ ಓದಿದರೂ ಅವು ಅವಳವೇ. ಆದುದರಿಂದ ಊರು ಬಿಡುವ ಪ್ರಶ್ನೆಯನ್ನು ಸೀಟಿನ ಆಸೆಯಿಂದ ಬೇರ್ಪಡಿಸಿ, ಪಾಠ ಮತ್ತು ಖರ್ಚಿನ ಪ್ರಶ್ನೆಯಾಗಿ ಮಾತ್ರ ನೋಡಬೇಕು. ಮಾಡಬೇಕಾದ ಕೆಲಸವೊಂದಿದೆ: ಗ್ರಾಮೀಣ ಹಾಗೂ ಕನ್ನಡ ಮಾಧ್ಯಮದ ವ್ಯಾಸಂಗ ಪ್ರಮಾಣಪತ್ರಗಳನ್ನು ಶಾಲೆಯಿಂದ ಪಡೆದು ಕ್ಷೇತ್ರ ಶಿಕ್ಷಣಾಧಿಕಾರಿಯವರ ಮೇಲು ಸಹಿ ಹಾಕಿಸಿಟ್ಟುಕೊಳ್ಳುವುದು, 371 ಜೆ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವುದು. ಎರಡು ಬೇರೆ ಶಾಲೆಗಳಲ್ಲಿ ಓದಿದ್ದರೆ ಎರಡೂ ಕಡೆಯಿಂದ ಪತ್ರ ಬೇಕು. ಸಿಇಟಿಯ ಹೊತ್ತಿಗೆ ಓಡಾಡುವುದಕ್ಕಿಂತ ಈಗಲೇ ಮಾಡುವುದು ಸುಲಭ. ನಮ್ಮಲ್ಲಿ ಓದುತ್ತಿರುವ ವಲಸೆ ಕುಟುಂಬಗಳ ಮಕ್ಕಳ ಲೆಕ್ಕ ಸ್ವಲ್ಪ ಬೇರೆ. ಅವರು ಓದಿದ ಶಾಲೆ ಪಟ್ಟಣದಲ್ಲಿದ್ದ ವರ್ಷಗಳಿಂದ ಗ್ರಾಮೀಣ ಮೀಸಲಾತಿ ತಪ್ಪಬಹುದು. ಅದನ್ನು ಶಾಲೆಯವರು ಹೆತ್ತವರಿಗೆ ಮೊದಲೇ ತಿಳಿಸಬೇಕು.

ಖರ್ಚಿನ ಪಟ್ಟಿಯನ್ನು ಮಗುವಿನ ಎದುರಿಗೇ ಬರೆಯಬೇಕು, ಆದರೆ ಬೆದರಿಕೆಯಾಗಿ ಅಲ್ಲ. ದೂರದ ಕಾಲೇಜಿನ ಶುಲ್ಕ, ಹಾಸ್ಟೆಲ್, ವರ್ಷಕ್ಕೆ ಎಷ್ಟು ಸಲ ಊರಿಗೆ ಬರುವುದು, ಎರಡನೆಯ ವರ್ಷದ ಶುಲ್ಕ ಇವೆಲ್ಲ ಒಂದು ಕಡೆ. ತಾಲೂಕು ಕೇಂದ್ರದ ಸರ್ಕಾರಿ ಪದವಿಪೂರ್ವ ಕಾಲೇಜು ಇನ್ನೊಂದು ಕಡೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ಹುಡುಗಿಯರಿಗೆ ಟಿಕೆಟ್ ಇಲ್ಲ. ಹುಡುಗರಿಗೆ ವಿದ್ಯಾರ್ಥಿ ಪಾಸು ಇದೆ. ಇವೆರಡರ ನಡುವೆ ಮೂರನೆಯ ದಾರಿಯೂ ಉಂಟು. ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಇಲಾಖೆಗಳ ಮೆಟ್ರಿಕ್ ನಂತರದ ವಿದ್ಯಾರ್ಥಿ ನಿಲಯಗಳಿವೆ. ಕೊಪ್ಪಳದ ಗವಿಮಠದ ವಿದ್ಯಾರ್ಥಿ ನಿಲಯ ದೊಡ್ಡ ಸಂಖ್ಯೆಯಲ್ಲಿ ಬಡ ಮಕ್ಕಳಿಗೆ ಊಟ ವಸತಿ ಕೊಡುತ್ತಾ ಬಂದಿದೆ.

ಸರ್ಕಾರಿ ಕಾಲೇಜಿನ ವಿಷಯದಲ್ಲಿ ಒಂದನ್ನು ಮಾತ್ರ ಖುದ್ದಾಗಿ ಹೋಗಿ ವಿಚಾರಿಸಬೇಕು. ಭೌತಶಾಸ್ತ್ರಕ್ಕೂ ಗಣಿತಕ್ಕೂ ಕಾಯಂ ಉಪನ್ಯಾಸಕರಿದ್ದಾರೆಯೇ, ಅತಿಥಿ ಉಪನ್ಯಾಸಕರೇ, ಹುದ್ದೆ ಖಾಲಿಯೇ? ಕಚೇರಿಯಲ್ಲಿ ಕೇಳುವುದಕ್ಕಿಂತ ಅಲ್ಲಿ ಈಗ ದ್ವಿತೀಯ ಪಿಯುಸಿಯಲ್ಲಿರುವ ಇಬ್ಬರು ವಿದ್ಯಾರ್ಥಿಗಳನ್ನು 'ಕಳೆದ ವರ್ಷ ಫಿಸಿಕ್ಸ್ ಪಾಠ ಯಾವ ತಿಂಗಳು ಶುರುವಾಯಿತು?' ಎಂದು ಕೇಳಿದರೆ ನಿಜ ತಿಳಿಯುತ್ತದೆ.

ನಡುವಿನ ಐದು ದಿನ

ಎರಡನೆಯ ಮತ್ತು ಮೂರನೆಯ ಕೂಟಗಳ ನಡುವೆ ಒಂದು ಚಿಕ್ಕ ಪ್ರಯೋಗ ನಡೆಯಲಿ. ಊರಿನಲ್ಲಿ ಯಾರಿಂದಾದರೂ ಪ್ರಥಮ ಪಿಯುಸಿಯ ರಸಾಯನಶಾಸ್ತ್ರದ ಪುಸ್ತಕ ತಂದು, ಮೋಲ್ ಕಲ್ಪನೆ ಬರುವ ಮೊದಲನೆಯ ಅಧ್ಯಾಯವನ್ನು ದಿನಕ್ಕೆ ಒಂದು ಗಂಟೆಯಂತೆ ಐದು ದಿನ ಓದಲು ಕೊಡಿ. ಪಕ್ಕದಲ್ಲಿ ಇಂಗ್ಲಿಷ್ ಕನ್ನಡ ನಿಘಂಟು ಇರಲಿ. ಜೊತೆಗೆ ಕಲಾ ಅಥವಾ ವಾಣಿಜ್ಯ ವಿಭಾಗದ ಒಂದು ಪುಸ್ತಕವನ್ನೂ ಕೊಡಿ. ಇದು ಪರೀಕ್ಷೆಯಲ್ಲ, ಅಂಕ ಹಾಕಬಾರದು. ನೋಡಬೇಕಾದುದು ಎಷ್ಟು ತಿಳಿಯಿತು ಎಂಬುದನ್ನಲ್ಲ. ಮೂರನೆಯ ದಿನ ಮಗು ಹೇಳದೆಯೇ ಪುಸ್ತಕ ತೆಗೆಯಿತೇ, ತಿಳಿಯದುದನ್ನು ಗುರುತು ಹಾಕಿಕೊಂಡು ಯಾರನ್ನಾದರೂ ಕೇಳಿತೇ ಎಂಬುದನ್ನು. ನಿಧಾನವಾಗಿ ತಿಳಿಯುವುದು ಅಡ್ಡಿಯಲ್ಲ. ಪುಸ್ತಕದಿಂದ ತಪ್ಪಿಸಿಕೊಳ್ಳುವುದು ಸೂಚನೆ.

ಮೂರನೆಯ ಕೂಟ: ಹಿಂದಿರುಗುವ ದಿನಾಂಕದೊಂದಿಗೆ ಆಯ್ಕೆ

ಈ ಕೂಟಕ್ಕೆ ಕಾಕಾ ಬರಬಹುದು, ಆದರೆ ಅವರು ಮಾತಾಡುವುದು ಮಗಳು ಮಾತಾಡಿದ ಮೇಲೆ. ಅವರ ಹಿರಿತನಕ್ಕೆ ಕುಂದಾಗದಂತೆ ಇದನ್ನು ಮೊದಲೇ ಅವರಿಗೆ ಹೇಳಿರಬೇಕು: 'ಅಕಿ ಮೊದಲ ಹೇಳಲಿ, ಆಮ್ಯಾಲ ನೀ ಹೇಳಪಾ. ನಿನ್ನ ಮಾತ ಕೇಳಿದ ಮ್ಯಾಲ ಅಕಿ ಬದಲ ಮಾಡಬಾರದು ನೋಡು, ಅದಕ್ಕ.'

ಮಗಳು: 'ಕೆಮಿಸ್ಟ್ರಿ ಕಠಿಣ ಐತಿ. ಆದರ ಎರಡ ದಿನ ಆದ ಮ್ಯಾಲ ಒಂದೀಟ ತಿಳೀತು. ಕುಷ್ಟಗ್ಯಾಗ ಸೈನ್ಸ್ ಓದತೀನಿ. ದೂರ ಬ್ಯಾಡ.'

ತಂದೆ: 'ಆಗದಿದ್ದರ?'

ಮಗಳು: 'ಆಗದಿದ್ದರ ಆರ್ಟ್ಸ್‌ಗೆ ಬರತೀನಿ. ಆ ದಾರೀಲೆನೂ ನರ್ಸ್ ಆಗಬಹುದಂತ ಸರ್ ಹೇಳ್ಯಾರಲ್ಲ.'

ಈಗ ತಂದೆಯ ಪಾಲಿನ ಕೊನೆಯ ಮಾತು, ಇಡೀ ಪಾಠದಲ್ಲೇ ಹೆಚ್ಚು ತೂಕದ್ದು: 'ಬದಲ ಮಾಡೂದು ಬಂದರ ನಾವು ಬೈಯೂದಿಲ್ಲ. ಕಾಲೇಜಿನ್ಯಾಗ ಯಾವ ತಾರೀಖಿನ ತನಕ ಬದಲ ಮಾಡಬಹುದು ಅಂತ ನಾ ಕೇಳಿ ಬರತೀನಿ. ಅದಕ್ಕ ಒಂದು ವಾರ ಮೊದಲ ಮತ್ತ ಕೂಡೂಣು.'

ಪ್ರವೇಶದ ನಂತರ ವಿಭಾಗ ಬದಲಾಯಿಸಲು ಕಾಲೇಜಿನಲ್ಲಿ ಒಂದು ಕೊನೆಯ ದಿನವಿರುತ್ತದೆ. ಹೆಚ್ಚಿನ ಹೆತ್ತವರು ಅದನ್ನು ಕೇಳುವುದೇ ಇಲ್ಲ. ಆ ದಿನಾಂಕವನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿದರೆ ಮಗುವಿನ ಮೇಲಿನ ಅರ್ಧ ಒತ್ತಡ ಇಳಿಯುತ್ತದೆ. ಖಾಸಗಿ ಕಾಲೇಜಾದರೆ, ಬಿಟ್ಟರೆ ಎಷ್ಟು ಹಣ ಮರಳುತ್ತದೆ ಎಂಬುದನ್ನು ಹಣ ಕಟ್ಟುವ ಮುನ್ನ ಬರಹದಲ್ಲಿ ಪಡೆಯಬೇಕು. ಮೂಲ ಅಂಕಪಟ್ಟಿಯ ಕೆಲವು ಪ್ರತಿಗಳನ್ನು ಮನೆಯಲ್ಲಿ ಇಟ್ಟುಕೊಳ್ಳಬೇಕು.

ಆಯ್ಕೆ ತಪ್ಪಾಗಿದ್ದರೆ ಅದು ಹೇಗೆ ತಿಳಿಯುತ್ತದೆ? ಅಂಕ ಕಡಿಮೆಯಾಗುವ ಮೊದಲೇ ಮಾತು ಕಡಿಮೆಯಾಗುತ್ತದೆ. ಕಿರು ಪರೀಕ್ಷೆ ನಡೆದುದನ್ನು ಮಗು ಹೇಳುವುದಿಲ್ಲ. ಒಂದೇ ವಿಷಯದ ಪುಸ್ತಕ ಹೊಸದರಂತೆ ಉಳಿಯುತ್ತದೆ. ಸೋಮವಾರ ಹೊಟ್ಟೆನೋವು ಬರುತ್ತದೆ. ಹಾಸ್ಟೆಲಿನಲ್ಲಾದರೆ ಫೋನ್ ಕರೆಗಳು ಮೊದಲು ಅಳುವಿನಿಂದ ತುಂಬಿ, ಆಮೇಲೆ 'ಆರಾಮ ಅದೀನಿ' ಎಂಬ ಒಂದೇ ಮಾತಿಗೆ ಇಳಿಯುತ್ತವೆ. ಮನೆಯವರು ಸಮಾಧಾನಪಡುವುದು ಆಗ. ಆದರೆ ಗಾಬರಿಯಾಗಬೇಕಾದುದೂ ಆಗಲೇ. ಇದನ್ನು ಮೊದಲು ಕಾಣುವವರು ನಮ್ಮ ಕಡೆಯ ವಾರ್ಡನ್‌ಗಳು. ಅಂತಹ ಮಗುವಿನ ಮನೆಗೆ 'ಓದುತ್ತಿಲ್ಲ' ಎಂದು ದೂರು ಹೇಳುವ ಬದಲು 'ಬಂದು ಒಂದು ದಿನ ಕೂತು ಮಾತಾಡಿ' ಎಂದು ಹೇಳುವುದು ಅವರ ಕೈಯಲ್ಲಿದೆ.

ಈ ಪಾಠ ಮಾಡಲಾರದ್ದು

ಮಾತುಕತೆ ಎಲ್ಲವನ್ನೂ ಸರಿಪಡಿಸುವುದಿಲ್ಲ. ಕಾಲೇಜಿನಲ್ಲಿ ಉಪನ್ಯಾಸಕರಿಲ್ಲದಿದ್ದರೆ ಮನೆಯಲ್ಲಿ ಎಷ್ಟು ಚೆನ್ನಾಗಿ ಮಾತಾಡಿದರೂ ಭೌತಶಾಸ್ತ್ರದ ಪಾಠ ನಡೆಯುವುದಿಲ್ಲ. ಹಳ್ಳಿಗೆ ಬೆಳಗಿನ ಬಸ್ಸಿಲ್ಲದಿದ್ದರೆ ಶಕ್ತಿ ಯೋಜನೆಯೂ ಉಪಯೋಗಕ್ಕೆ ಬರುವುದಿಲ್ಲ. ಮಗಳ ಮದುವೆ ಗೊತ್ತಾಗಿಬಿಟ್ಟ ಮನೆಯಲ್ಲಿ ವಿಭಾಗದ ಚರ್ಚೆಗೆ ಅರ್ಥವಿಲ್ಲ. ಅಲ್ಲಿ ಬೇಕಾದುದು ಬೇರೆ ಮಾತು: ಹದಿನೆಂಟು ತುಂಬದ ಹುಡುಗಿಯ ಮದುವೆ 2006ರ ಕಾಯ್ದೆಯಂತೆ ಅಪರಾಧ, ಮಕ್ಕಳ ಸಹಾಯವಾಣಿ 1098ಕ್ಕೆ ಯಾರು ಬೇಕಾದರೂ ಕರೆ ಮಾಡಬಹುದು. ಈ ಕಾರಣಕ್ಕಾಗಿಯೇ ಮೊದಲ ಕೂಟದಲ್ಲಿ ತಾಯಿಯ ಬಾಯಲ್ಲಿ ಮದುವೆಯ ಪ್ರಶ್ನೆಯನ್ನು ಇಟ್ಟಿದ್ದೇವೆ.

ತಂದೆಯ ಡಾಕ್ಟರ್ ಆಸೆಯೂ ತಪ್ಪೇನಲ್ಲ. ಅದನ್ನು ಅವರು ಮಗಳಿಗೆ ಹೇಳಬಹುದು, ಆದರೆ ತನ್ನ ಆಸೆ ಎಂದು ಹೇಳಬೇಕು, ಅವಳ ಕರ್ತವ್ಯ ಎಂದಲ್ಲ. ಜೀವಶಾಸ್ತ್ರವಿರುವ ಪಿಯುಸಿಯಲ್ಲಿ ಎರಡು ವರ್ಷ ಕಳೆದು, ನೀಟ್ ಬರೆಯುವ ಮನಸ್ಸು ಅವಳಿಗೇ ಬಂದರೆ ಆ ಬಾಗಿಲೂ ಅಲ್ಲೇ ಇದೆ. ನೀಟ್ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು.

ಬರುವ ಫಲಿತಾಂಶದ ದಿನ ಟ್ರಂಕು ಕೊಳ್ಳುವ ಮುನ್ನ ಮೂರು ಸಂಜೆ ಈ ಮಾತಿಗೆ ಮೀಸಲಿಡಿ ಎಂದು ನಮ್ಮ ಓದುಗರು ತಮಗೆ ಪರಿಚಯವಿರುವ ಕೊಪ್ಪಳದ ಕುಟುಂಬಕ್ಕೆ ಹೇಳಲಿ. ನಮ್ಮ ಕಾಲೇಜುಗಳ ಪ್ರವೇಶ ಕೊಠಡಿಯಲ್ಲಿ ಕೂರುವವರು ತಂದೆಯ ಮಾತನ್ನು ಕೇಳಿದ ಬಳಿಕ ಅವರನ್ನು ಐದು ನಿಮಿಷ ಹೊರಗೆ ಕೂರಿಸಿ, 'ಇದು ಯಾರು ಆರಿಸಿದ್ದು?' ಎಂದು ಮಗುವನ್ನು ಕೇಳಲಿ. ಉತ್ತರಕ್ಕೆ ಮೊದಲು ಮಗು ಬಾಗಿಲಿನ ಕಡೆ ನೋಡಿದರೆ, ಅರ್ಜಿಯನ್ನು ಆ ದಿನ ತುಂಬಿಸಬೇಡಿ.